ಅವರು ರಜೆ ಹಾಕಿದ ದಿನ: ಒಂದು ಬೀಳ್ಕೊಡುಗೆ ಭಾಷಣ ಬರೆದ ಅನುಭವ

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕಿ 30 ವರ್ಷದ ಸೇವೆ ಮುಗಿಸಿ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆ ಸಮಾರಂಭದಲ್ಲಿ ವಿಭಾಗದ ಪರವಾಗಿ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಮೂರು ವಾರ ಸಮಯವಿತ್ತು, ವೇದಿಕೆಯ ಮೇಲೆ ಸಿಗುವುದು 5 ನಿಮಿಷ. ನಾನು ಕೂಡಲೇ ಒಪ್ಪಿಕೊಂಡೆ, ಆದರೆ ಮನಸ್ಸಿನಲ್ಲಿ ಒಂದು ಹಳೆಯ ಅಳುಕು ಇತ್ತು.

ಕೆಲವು ವರ್ಷದ ಹಿಂದೆ ಇನ್ನೊಬ್ಬ ಹಿರಿಯ ಸಹೋದ್ಯೋಗಿಯ ಬೀಳ್ಕೊಡುಗೆಯಲ್ಲಿ ನಾನು ಮಾತಾಡಿದ್ದೆ. ಹಿಂದಿನ ರಾತ್ರಿ ಕೂತು ಬರೆದ ಭಾಷಣ ಅದು. "ಅವರು ಸರಳ ವ್ಯಕ್ತಿಯಾಗಿದ್ದರು, ಎಲ್ಲರನ್ನೂ ಪ್ರೀತಿಯಿಂದ ಕಾಣುತ್ತಿದ್ದರು, ಅವರಿಲ್ಲದ ವಿಭಾಗವನ್ನು ಊಹಿಸಲೂ ಸಾಧ್ಯವಿಲ್ಲ, ಇದು ತುಂಬಲಾರದ ನಷ್ಟ" ಎಂದೆಲ್ಲ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಮಗಳು ತಲೆ ತಗ್ಗಿಸಿದ್ದನ್ನು ನೋಡಿದೆ, ಕಾರಣ ತಿಳಿಯಲಿಲ್ಲ. ಮನೆಗೆ ಬಂದು ಹಾಳೆಯನ್ನು ಮತ್ತೆ ಓದಿದಾಗ ಗೊತ್ತಾಯಿತು. ನಿವೃತ್ತಿ ಎಂಬ ಪದ ತೆಗೆದು ನಿಧನ ಎಂದು ಹಾಕಿದರೆ ಉಳಿದ ಒಂದು ಪದವನ್ನೂ ಬದಲಿಸಬೇಕಾಗಿರಲಿಲ್ಲ. ಎದುರಿಗೆ ಆರೋಗ್ಯವಾಗಿ ಕೂತಿದ್ದ ಮನುಷ್ಯನಿಗೆ ನಾನು ಶ್ರದ್ಧಾಂಜಲಿ ಓದಿದ್ದೆ.

ಆ ನೋವು ಇನ್ನೂ ಹೋಗಿಲ್ಲ. ಅದರಿಂದ ನನಗೆ ಎರಡು ವಿಷಯ ತಿಳಿಯಿತು. ಒಂದು, ಭೂತಕಾಲದ ಕ್ರಿಯಾಪದ. ಕೆಲಸದ ಬಗ್ಗೆ ಹೇಳುವಾಗ "ಮಾಡಿದರು" ಎನ್ನಬಹುದು, ಗುಣದ ಬಗ್ಗೆ ಹೇಳುವಾಗ "ಇದ್ದರು" ಎನ್ನಬಾರದು. ತಾಳ್ಮೆ ಅವರಿಗೆ ಇತ್ತು ಅಲ್ಲ, ಇದೆ. ಎರಡು, ವಿಶೇಷಣಗಳು. ಸರಳ, ಸಜ್ಜನ, ಅಜಾತಶತ್ರು, ಶಿಸ್ತಿನ ಸಿಪಾಯಿ ಎಂಬ ಮಾತುಗಳು ಯಾರಿಗೆ ಬೇಕಾದರೂ ಹೊಂದುತ್ತವೆ. ಯಾರಿಗೆ ಬೇಕಾದರೂ ಹೊಂದುವ ಮಾತು ಕೇಳಿಸಿಕೊಳ್ಳುವವರಿಗೆ ತಮ್ಮದು ಅನ್ನಿಸುವುದಿಲ್ಲ.

ಹಾಗಾಗಿ ಈ ಸಲ ಬರೆಯುವ ಮೊದಲು ಕೇಳಲು ಹೊರಟೆ. ಮೊದಲ ಇಬ್ಬರ ಹತ್ತಿರ "ಮೇಡಂ ಬಗ್ಗೆ ಎರಡು ಮಾತು ಹೇಳಿ" ಎಂದೆ. ಬಂದದ್ದು ಅದೇ ಪಟ್ಟಿ: ತುಂಬಾ ಒಳ್ಳೆಯವರು, ಕಷ್ಟಜೀವಿ, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಅವರದು ತಪ್ಪಲ್ಲ, ನನ್ನ ಪ್ರಶ್ನೆಯೇ ಅಂಥದ್ದು. ಮೂರನೆಯವರ ಹತ್ತಿರ ಪ್ರಶ್ನೆ ಬದಲಿಸಿದೆ. "ಮೇಡಂ ರಜೆ ಹಾಕಿದ ದಿನ ನಿಮಗೆ ಏನು ತೊಂದರೆ ಆಯಿತು?"

ಅವರು ಒಂದು ಕ್ಷಣ ಯೋಚಿಸಿ ನಕ್ಕರು, ಆಮೇಲೆ ಹೇಳಿದರು. ಒಂದು ದಿನ ಮೇಡಂ ಬಂದಿರಲಿಲ್ಲ. ತರಗತಿಯಲ್ಲಿ ಮಕ್ಕಳು ತೂಕ ಮಾಡಲು ಕೂತರೆ ಡಿಜಿಟಲ್ ತಕ್ಕಡಿಯ ಕೊನೆಯ ಅಂಕಿ ನಿಲ್ಲುತ್ತಲೇ ಇಲ್ಲ, ಏರುತ್ತದೆ, ಇಳಿಯುತ್ತದೆ. ತಕ್ಕಡಿ ಕೆಟ್ಟಿದೆ ಎಂದುಕೊಂಡು ಆ ದಿನದ ಪ್ರಯೋಗವನ್ನೇ ಬಿಟ್ಟರು. ಮರುದಿನ ಮೇಡಂ ಬಂದು ಏನೂ ಮಾತಾಡದೆ ಕಿಟಕಿ ಪಕ್ಕದ ಫ್ಯಾನ್ ಆರಿಸಿದರು. ಅಂಕಿ ನಿಂತಿತು. ಗಾಳಿ ಬಡಿದರೆ ಸೂಕ್ಷ್ಮ ತಕ್ಕಡಿ ಅಲುಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಆದರೆ ತೂಕದ ತರಗತಿ ಶುರುವಾಗುವ ಮುಂಚೆ ಆ ಒಂದು ಫ್ಯಾನನ್ನು ಯಾರೋ ಪ್ರತಿದಿನ ಆರಿಸುತ್ತಿದ್ದಾರೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಪ್ರಶ್ನೆಯನ್ನು ಮತ್ತೆ ನಾಲ್ಕು ಜನರಿಗೆ ಕೇಳಿದೆ. ಎಲ್ಲರ ಹತ್ತಿರವೂ ಒಂದೊಂದು ಸಂಗತಿ ಇತ್ತು. ಪಿಷ್ಟದ ಸೂಚಕ ಹಳತಾಗಿ ಬಣ್ಣ ಸರಿಯಾಗಿ ಬಾರದ ದಿನ, ಬೀಗದ ಕೈ ಎಲ್ಲಿದೆಯೆಂದು ತಿಳಿಯದ ದಿನ. ಒಬ್ಬ ಹಳೆಯ ವಿದ್ಯಾರ್ಥಿನಿ ಈಗ ನಮ್ಮಲ್ಲೇ ಉಪನ್ಯಾಸಕಿ. ಆಕೆ ಹೇಳಿದ್ದು ಬೇರೆ ತರಹದ್ದು. ಪ್ರಾಯೋಗಿಕ ಪರೀಕ್ಷೆಯ ದಿನ ಆಕೆಯ ಕೈ ನಡುಗಿ, ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ, ಬ್ಯುರೆಟ್, ಒಡೆದು ಹೋಯಿತಂತೆ. ಬೈಗುಳ ಕಾದು ನಿಂತಿದ್ದಾಗ ಮೇಡಂ ಬಂದು, "ಬ್ಯುರೆಟ್ ಇನ್ನೊಂದಿದೆ, ಮೊದಲು ನಿನ್ನ ಕೈ ತೋರಿಸು" ಎಂದರಂತೆ. ಗಾಜು ಚುಚ್ಚಿದೆಯೇ ಎಂದು ಬೆರಳು ಬೆರಳೂ ನೋಡಿ, ಆಮೇಲೆ ಹೊಸ ಬ್ಯುರೆಟ್ಟನ್ನು ಅದೇ ದ್ರಾವಣದಿಂದ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸಿ ಕೊಟ್ಟರಂತೆ.

ಭಾಷಣಕ್ಕೆ ಇಷ್ಟು ಸಾಕು ಎಂದು ಆಗಲೇ ಅನ್ನಿಸಿತು. 30 ವರ್ಷವನ್ನು 5 ನಿಮಿಷದಲ್ಲಿ ಹೇಳಲು ಹೊರಟರೆ ಸೇರಿದ ವರ್ಷ, ಬಡ್ತಿ, ಸಮಿತಿಗಳ ಪಟ್ಟಿಯಾಗುತ್ತದೆ. ಅದನ್ನು ನಿರೂಪಕರು ಪರಿಚಯದಲ್ಲೇ ಹೇಳಿರುತ್ತಾರೆ. ನಾನು ಫ್ಯಾನ್ ಮತ್ತು ಬ್ಯುರೆಟ್ ಎರಡನ್ನೇ ಇಟ್ಟುಕೊಂಡೆ. ಒಂದು ಅವರ ಕೆಲಸ, ಇನ್ನೊಂದು ಅವರ ಮನಸ್ಸು.

ಕಥೆ ಸಿಕ್ಕಿತೆಂದು ನೇರ ವೇದಿಕೆಗೆ ಒಯ್ಯುವಂತಿಲ್ಲ. ಬ್ಯುರೆಟ್ ಪ್ರಸಂಗವನ್ನು ಇನ್ನೊಬ್ಬರು ಬೇರೆ ಹುಡುಗಿಯ ಹೆಸರು ಸೇರಿಸಿ ಹೇಳಿದ್ದರು. ಆದ್ದರಿಂದ ಆ ಉಪನ್ಯಾಸಕಿಯನ್ನೇ ಮತ್ತೆ ಕೇಳಿ ಖಚಿತ ಮಾಡಿಕೊಂಡೆ, ವೇದಿಕೆಯಲ್ಲಿ ಹೇಳಲು ಅವರ ಒಪ್ಪಿಗೆಯನ್ನೂ ಪಡೆದೆ. ಸೇರಿದ ದಿನಾಂಕವನ್ನು ಕಚೇರಿಯ ಸೇವಾ ಪುಸ್ತಕದಿಂದ ನೋಡಿಕೊಂಡೆ. ಮುಖ್ಯವಾಗಿ, ಮೇಡಂ ಹತ್ತಿರವೇ ಹೋಗಿ "ನಾನು ಮಾತಾಡುತ್ತಿದ್ದೇನೆ, ಹೇಳಬಾರದ್ದು ಏನಾದರೂ ಇದೆಯೇ?" ಎಂದು ಕೇಳಿದೆ. ಏನು ಹೇಳಬೇಕು ಎಂದು ಕೇಳಲಿಲ್ಲ, ಕೇಳಿದ್ದರೆ ಸಂಕೋಚದಿಂದ ಏನೂ ಬೇಡ ಅನ್ನುತ್ತಿದ್ದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡುವೆ ಒಂದು ವರ್ಷ ಆರೋಗ್ಯ ಸರಿಯಿರಲಿಲ್ಲವಲ್ಲ ಸರ್, ಅದು ಬೇಡ" ಎಂದರು. ನನ್ನ ಮೊದಲ ಕರಡಿನಲ್ಲಿ ಅದೇ ಇತ್ತು. ಕಾಯಿಲೆಯಲ್ಲೂ ಕೆಲಸಕ್ಕೆ ಬಂದರು ಎಂದು ಹೊಗಳಿಕೆಯಾಗಿ ಬರೆದಿದ್ದೆ. ಅಲ್ಲೇ ಹೊಡೆದು ಹಾಕಿದೆ.

ಇನ್ನೊಂದು ಒತ್ತಡವೂ ಬಂತು. ಅವರಿಗೆ ಸಿಗಬೇಕಿದ್ದ ಬಡ್ತಿ ತಡವಾಗಿ ಸಿಕ್ಕಿದ್ದನ್ನು ವೇದಿಕೆಯಲ್ಲೇ ಎತ್ತಬೇಕು, ಆಡಳಿತದವರೂ ಕೂತಿರುತ್ತಾರೆ ಎಂದು ಒಬ್ಬ ಸ್ನೇಹಿತರು ಪಟ್ಟು ಹಿಡಿದರು. ಅವರ ಕಾಳಜಿ ನಿಜವಾದದ್ದು, ದೂರೂ ನ್ಯಾಯವಾದದ್ದು. ಆದರೂ ನಾನು ಒಪ್ಪಲಿಲ್ಲ. ನಾವೆಲ್ಲ ಮಾತಾಡಿ ಮುಗಿಸಿದ ಮೇಲೆ ಕೊನೆಗೆ ಮೈಕ್ ಮುಂದೆ ನಿಂತು ಉತ್ತರ ಕೊಡಬೇಕಾದವರು ಮೇಡಂ. ನಾನು ಹೊತ್ತಿಸಿದ ಬೆಂಕಿಯನ್ನು ಅವರು ಆರಿಸಬೇಕಾಗುತ್ತದೆ. ಅವರ ದಿನವನ್ನು ನಮ್ಮ ಜಗಳಕ್ಕೆ ಬಳಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ.

ಬರೆಯುವಾಗ ನಾನು ಪದ ಎಣಿಸುತ್ತೇನೆ. ವೇದಿಕೆಯ ಮೇಲೆ ಬಿಡುವು ಕೊಟ್ಟು ಮಾತಾಡಿದರೆ ನನಗೆ ಒಂದು ನಿಮಿಷಕ್ಕೆ 90 ರಿಂದ 100 ಕನ್ನಡ ಪದ ಹಿಡಿಯುತ್ತವೆ. 5 ನಿಮಿಷಕ್ಕೆ 450 ಸಾಕು. ಮೊದಲ ಕರಡು 800 ದಾಟಿತ್ತು. ಕಡಿಮೆ ಮಾಡಲು ಹೆಚ್ಚು ಸಹಾಯವಾದದ್ದು ಆರಂಭ. "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರುವಾಗಿ ಪ್ರತಿಯೊಬ್ಬರ ಹುದ್ದೆ, ಹೆಸರು ಹೇಳುವ ಸಾಲುಗಳೇ ಒಂದು ನಿಮಿಷ ತಿಂದಿದ್ದವು. ಸ್ವಾಗತದವರು ಅದನ್ನು ಮಾಡಿಯೇ ಇರುತ್ತಾರೆ ಎಂದು ಎಲ್ಲರಿಗೂ ಸೇರಿಸಿ ಒಂದೇ ನಮಸ್ಕಾರ ಇಟ್ಟೆ. ಆಮೇಲೆ ನೇರವಾಗಿ ಹೀಗೆ ಶುರು ಮಾಡಿದೆ: "ನಮ್ಮ ಪ್ರಯೋಗಾಲಯದಲ್ಲಿ ಕಿಟಕಿ ಪಕ್ಕ ಒಂದು ಫ್ಯಾನ್ ಇದೆ. 30 ವರ್ಷದಿಂದ ಅದನ್ನು ಯಾರು ಆರಿಸುತ್ತಿದ್ದಾರೆ ಎಂದು ನಮಗೆ ಗೊತ್ತಾದದ್ದು, ಅವರು ಒಂದು ದಿನ ರಜೆ ಹಾಕಿದಾಗ."

ಮಾತು ಯಾರಿಗೆ ಹೇಳುತ್ತಿದ್ದೇನೆ ಎಂಬುದನ್ನೂ ಯೋಚಿಸಿ ಇಟ್ಟೆ. ಮೊದಲ ನಾಲ್ಕು ನಿಮಿಷ ಸಭೆಗೆ, ಮೇಡಂ ಬಗ್ಗೆ "ಅವರು" ಎಂದು. ಕೊನೆಯ ಒಂದು ನಿಮಿಷ ಸಭೆಯಿಂದ ತಿರುಗಿ ಮೇಡಂ ಕಡೆಗೆ, "ನೀವು" ಎಂದು. ಇವೆರಡೂ ಕಲಸಿಹೋದರೆ ಕೇಳುವವರಿಗೆ ಗೊಂದಲ. ಆದರೆ ಒಂದೇ ಸಲ, ಸರಿಯಾದ ಜಾಗದಲ್ಲಿ ತಿರುಗಿದರೆ ಸಭೆ ನಿಶ್ಶಬ್ದವಾಗುತ್ತದೆ. ಆ ಜಾಗದಲ್ಲಿ ಹಾಳೆಯ ಮೇಲೆ ಕೆಂಪು ಗೆರೆ ಎಳೆದು "ತಿರುಗು" ಎಂದು ಬರೆದುಕೊಂಡಿದ್ದೆ.

ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಓದಿದೆ. "ಮೊದಲು ನಿನ್ನ ಕೈ ತೋರಿಸು" ಎಂಬಲ್ಲಿ ನಾಲ್ಕು ಸಲವೂ ನನ್ನ ಗಂಟಲು ಕಟ್ಟಿತು. ಧ್ವನಿ ಒಡೆಯುವ ಜಾಗ ಹೀಗೆ ಮೊದಲೇ ತಿಳಿಯುವುದು ದೊಡ್ಡ ಅನುಕೂಲ, ಅದು ಬೇರೆ ಬೇರೆ ಕಡೆ ಬರುವುದಿಲ್ಲ, ಪ್ರತಿ ಸಲ ಅಲ್ಲೇ ಬರುತ್ತದೆ. ಆ ಸಾಲಿನ ನಂತರ ಇದ್ದ ಉದ್ದನೆಯ ವಾಕ್ಯವನ್ನು ತೆಗೆದು ಮೂರು ಪದದ ಒಂದು ವಾಕ್ಯ ಇಟ್ಟೆ. ಉಸಿರು ಸಾಲದಾಗ ಸಣ್ಣ ವಾಕ್ಯ ದಾಟಿಸುತ್ತದೆ, ಉದ್ದನೆಯದು ಮುಳುಗಿಸುತ್ತದೆ.

ಸಮಾರಂಭದ ದಿನ ಕಾರ್ಯಕ್ರಮ ತಡವಾಯಿತು. ನನಗಿಂತ ಮುಂಚೆ ಮಾತಾಡಿದ ನಾಲ್ವರೂ ತಾಳ್ಮೆ, ಶಿಸ್ತು, ಸಮಯಪ್ರಜ್ಞೆ ಎಂದರು. ನನ್ನ ಸರದಿ ಬಂದಾಗ ನಿರೂಪಕರು ಬಂದು "ಸರ್, ಮೂರು ನಿಮಿಷದಲ್ಲಿ ಮುಗಿಸಿ" ಎಂದು ಕಿವಿಯಲ್ಲಿ ಹೇಳಿದರು. ಇದು ಆಗಬಹುದೆಂದು ಗೊತ್ತಿದ್ದರಿಂದ ಬಿಡಬಹುದಾದ ಭಾಗಕ್ಕೆ ಹಾಳೆಯಲ್ಲಿ ಮೊದಲೇ ಪೆನ್ಸಿಲ್‌ನಿಂದ ಆವರಣ ಹಾಕಿದ್ದೆ. ಅದನ್ನು ಬಿಟ್ಟು ಫ್ಯಾನ್, ಬ್ಯುರೆಟ್, ಆಮೇಲೆ ತಿರುವು, ಅಷ್ಟನ್ನೇ ಹೇಳಿದೆ.

ಕೊನೆಯ ಸಾಲುಗಳನ್ನು ಹಿಂದಿನ ದಿನವಷ್ಟೇ ಬರೆದಿದ್ದೆ. ಅಂದು ಸಂಜೆ ಪ್ರಯೋಗಾಲಯಕ್ಕೆ ಹೋದಾಗ ಮೇಜಿನ ಮೇಲೆ ದ್ರಾವಣ ತಯಾರಿಸಿದ ದಿನಾಂಕ ಬರೆಯುವ ಪುಸ್ತಕ ತೆರೆದಿತ್ತು. 30 ವರ್ಷದಿಂದ ಅದರಲ್ಲಿ ಒಂದೇ ಕೈಬರಹ. ಆ ದಿನದ ಸಾಲು ಮಾತ್ರ ಹೊಸದಾಗಿ ಸೇರಿದ ಹುಡುಗನದು. ಮೇಡಂ ಕಡೆ ತಿರುಗಿ ಹೇಳಿದೆ: "ನಿನ್ನೆಯ ಪುಟ ನೋಡಿದೆ ಮೇಡಂ. ಅಕ್ಷರ ಆ ಹುಡುಗನದು. ದಿನಾಂಕ, ದ್ರಾವಣದ ಹೆಸರು, ಪ್ರಮಾಣ, ಸಹಿ, ಬರೆದ ಕ್ರಮ ಮಾತ್ರ ನಿಮ್ಮದು. ನೀವು ಇನ್ನು ನೆಮ್ಮದಿಯಾಗಿ ರಜೆ ಹಾಕಬಹುದು."

ಅವರು ನಕ್ಕರು, ಕಣ್ಣು ಒರೆಸಿಕೊಂಡರು. ಕಾರ್ಯಕ್ರಮ ಮುಗಿದು ಎಲ್ಲರೂ ಫೋಟೊಗೆ ನಿಲ್ಲುತ್ತಿದ್ದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸರ್, ಫ್ಯಾನ್ ವಿಷಯ ಆ ಹುಡುಗನಿಗೆ ಹೇಳಿದ್ದೀರಾ?"