‘ಇಲ್ಲ’ ಅಂದ ಸಾಲನ್ನೂ ಬರೆಸಿದೆ: ಪಿರಮಿಡ್ ಪ್ಯಾಟರ್ನ್ ಕಲಿಸಿದ ನನ್ನ ಅನುಭವ

ಹೋದ ಸೆಮಿಸ್ಟರ್ ಸಿ ಪ್ರೋಗ್ರಾಮಿಂಗ್ ಲ್ಯಾಬ್ ಟೆಸ್ಟಿನಲ್ಲಿ ನಂಬರ್ ಪಿರಮಿಡ್ ಅನ್ನು ತಿರುಚಿ ಕೇಳಿದ್ದರು. ನನ್ನ ಹತ್ತಿರ ಬರುವ ಹದಿನಾಲ್ಕು ಹುಡುಗರಲ್ಲಿ ಹನ್ನೊಂದೋ ಹನ್ನೆರಡೋ ಮಂದಿ ಸರಿಯಾಗಿ ಬರೆದು ಬಂದರು. ಅದಕ್ಕೂ ಎರಡು ವರ್ಷ ಹಿಂದೆ ಇಂಥದ್ದೇ ಪ್ರಶ್ನೆಗೆ ಮೂವರು ಬರೆದಿದ್ದರೆ ಹೆಚ್ಚು. ಈ ಎರಡು ವರ್ಷದಲ್ಲಿ ನಾನು ಬದಲಿಸಿದ್ದು ಒಂದೇ. ಕಂಪ್ಯೂಟರ್ ಆಫ್ ಮಾಡಿಸಿ, ಚೌಕಳಿ ನೋಟ್‌ಬುಕ್ಕಿನಲ್ಲಿ ಲೂಪ್ ಟ್ರೇಸ್ ಮಾಡಿಸಿದೆ, ಅಂದರೆ ಲೂಪಿನ ಪ್ರತಿ ಸುತ್ತಿಗೂ ಕೌಂಟರ್ ಬೆಲೆ ಎಷ್ಟು ಅಂತ ಟೇಬಲ್ ಹಾಕಿಸಿದೆ. ಗಂಗಾವತಿಯಲ್ಲಿ ಇದನ್ನು ಶುರು ಮಾಡಿದಾಗ ಒಬ್ಬರಾದರೂ ಒಪ್ಪಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರಂತೆಯೇ ಕಲಿಸಿದವನು. ನಲವತ್ತು ಪ್ಯಾಟರ್ನ್‌ಗಳ ಪ್ರೋಗ್ರಾಂ ಟೈಪ್ ಮಾಡಿ, ಸುಮಾರು ಅರವತ್ತು ಕಾಪಿ ಝೆರಾಕ್ಸ್ ಮಾಡಿಸಿ ಹಂಚಿದೆ. ಎರಡೂವರೆ ಸಾವಿರದ ಹತ್ತಿರ ಖರ್ಚಾಗಿತ್ತು. ಹುಡುಗರು ಅದನ್ನು ಮಗ್ಗಿಯಂತೆ ಉರು ಹೊಡೆದರು. ಟೆಸ್ಟಿನಲ್ಲಿ ಪಿರಮಿಡ್ ತಲೆಕೆಳಗಾಗಿ ಬಂತು, ಎಲ್ಲರೂ ಕೈಚೆಲ್ಲಿದರು. ಉಳಿದ ಕಾಪಿಗಳು ಇವತ್ತಿಗೂ ನನ್ನ ಅಲ್ಮಾರಿಯಲ್ಲಿವೆ.

ಆಮೇಲೆ ಡಿಬಗರ್ ಹಿಡಿದೆ. ಟರ್ಬೋ ಸಿ ಒಳಗೆ `Ctrl+F7` ಒತ್ತಿ `i`, `j` ವಾಚ್ ಹಾಕಿಸಿ, `F7` ಒತ್ತುತ್ತಾ ಹೋಗಿ ಅಂದೆ. ಅದು ಹೋಗೋದು ಸಾಲಿನ ಲೆಕ್ಕದಲ್ಲಿ. `for` ಮತ್ತು `printf` ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರೆ ಒಂದು `F7`ಗೆ ಇಡೀ ಲೂಪ್ ಮುಗಿದಿರುತ್ತದೆ, ಕೌಂಟರ್ ಓಡಿದ್ದೇ ಕಾಣೋದಿಲ್ಲ. ಬೇರೆ ಬೇರೆ ಸಾಲಿಗೆ ಬರೆಸಿದಾಗಲೂ ಹುಡುಗರು ಟಪಟಪ ಒತ್ತಿ ಕೊನೆಗೆ ಹೋಗಿ ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಕರೆಂಟ್ ಹೋಗೋದು ಬೇರೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಅಂತ ಹದಿನಾಲ್ಕು ಸಾವಿರವೋ ಏನೋ ಕೊಟ್ಟೆ, ಆರು ಸಿಸ್ಟಮ್ ಹಚ್ಚಿದರೆ ಇಪ್ಪತ್ತು ನಿಮಿಷ ಬಂದರೆ ದೊಡ್ಡದು. ತಿಂಗಳಿಗೆ ಎಂಟುನೂರು ಫೀ ತಗೊಂಡು ಆ ದುಡ್ಡು ವಾಪಸ್ ಬರಬೇಕಾದರೆ ಎಷ್ಟು ದಿನ ಬೇಕು, ಟ್ಯೂಷನ್ ನಡೆಸುವವರಿಗೆ ಗೊತ್ತು.

ಲೂಪಿನ ಒಳಗೇ ಇನ್ನೊಂದು `printf` ಹಾಕಿ `j` ನೋಡೋಣ ಅಂತಲೂ ಮಾಡಿದೆ. ಪ್ಯಾಟರ್ನ್‌ನಲ್ಲಿ ಔಟ್‌ಪುಟ್ಟೇ ಚಿತ್ರ. ಅದರ ನಡುವೆ ಕೌಂಟರ್ ಬೆಲೆಗಳೂ ಬಿದ್ದರೆ ಯಾವುದು ಪಿರಮಿಡ್ಡಿನದು, ಯಾವುದು ನಮ್ಮದು ಅಂತಲೇ ಗೊತ್ತಾಗೋದಿಲ್ಲ.

ಹಾಗಾಗಿ ನೋಟ್‌ಬುಕ್‌ಗೆ ಬಂದೆ. ಮೊದಲ ವಾರವೇ ಒಬ್ಬ ಹುಡುಗನ ತಂದೆ ಬಾಗಿಲಿಗೆ ಬಂದು ನಿಂತರು. “ಕಂಪ್ಯೂಟರ್ ಕಲೀಲಿ ಅಂತ ಕಳಿಸೀವ್ರಿ ಸರ, ನೀವು ಮಗ್ಗಿ ಬರ್ಸಾಕತ್ತೀರಲ್ರಿ” ಅಂದರು. ಊರಲ್ಲೇ ಕ್ಲಾಸ್ ನಡೆಸುವ ನನ್ನ ಗೆಳೆಯರೊಬ್ಬರೂ “ಪೇಪರ್ ಮ್ಯಾಲೆ ಬರಿಸೋದಾದ್ರ ಸಿಸ್ಟಮ್ ಯಾಕ್ ಬೇಕ್ರಿ, ಮಾರಿ ಬಿಡ್ರಿ” ಅಂದರು. ಆ ತಿಂಗಳು ಇಬ್ಬರು ಬಿಟ್ಟೂ ಹೋದರು.

ನಿಜ ಹೇಳಬೇಕೆಂದರೆ ಮೊದಮೊದಲು ಟ್ರೇಸ್ ಕೂಡ ಕೆಲಸ ಮಾಡಲಿಲ್ಲ. ಹುಡುಗರು ಟೇಬಲ್ ಹಾಕುತ್ತಿದ್ದರು, ಟೇಬಲ್ ಸರಿ ಇರುತ್ತಿತ್ತು, ತಪ್ಪು ಮಾತ್ರ ಸಿಗುತ್ತಿರಲಿಲ್ಲ. ಕಾರಣ ಗೊತ್ತಾಗಿದ್ದು ಒಬ್ಬ ಹುಡುಗಿಯ ಪ್ರೋಗ್ರಾಂನಿಂದ. ಅವಳು ಪೈಥಾನ್ ಕಲಿತು ಬಂದವಳು, ಚುರುಕು. 1, 121, 12321 ಅಂತ ಏರುವ ಪಿರಮಿಡ್‌ಗೆ ಹೀಗೆ ಬರೆದಿದ್ದಳು:

```c
int i, j, n = 4;
for (i = 1; i <= n; i++) {
    for (j = 1; j <= n - i; j++)
        printf(" ");
    for (j = 1; j <= i; j++)
        printf("%d", j);
    for (j = j - 1; j >= 1; j--)
        printf("%d", j);
    printf("\n");
}
```

ಬಂದದ್ದು ಇದು:

```
   11
  1221
 123321
12344321
```

ನಡುವಿನ ಅಂಕಿ ಎರಡೆರಡು ಸಲ. ಅವಳ ಟೇಬಲ್ ನೋಡಿದೆ. ಮೂರನೇ ಸಾಲಿಗೆ, ಅಂದರೆ `i` ಮೂರು ಇದ್ದಾಗ, ಎರಡನೇ ಲೂಪಿಗೆ `j` 1, 2, 3 ಅಂತ ಮೂರು ಸಾಲು ಬರೆದು ಗೆರೆ ಎಳೆದಿದ್ದಳು. “ಲೂಪ್ ಮುಗೀತ್ರಿ ಸರ, ಈಗ `j` ಮೂರು. ಒಂದು ಕಳದ್ರ ಎರಡು. ಮತ್ತ್ಯಾಕ ಮೂರು ಬರ್ತೈತಿ?” ಅಂತ ಕೇಳಿದಳು. ಅವಳ ಮಾತಿನಲ್ಲಿ ತಪ್ಪೇ ಕಾಣಲಿಲ್ಲ. ನಾನೂ ಒಂದು ಕ್ಷಣ ಸುಮ್ಮನೆ ನಿಂತೆ.

ಆಮೇಲೆ ಹೊಳೆಯಿತು. ಪೈಥಾನ್‌ನಲ್ಲಿ `for j in range(1, 4)` ಮುಗಿದ ಮೇಲೆ `j` ಕೇಳಿದರೆ 3 ಅಂತಲೇ ಹೇಳುತ್ತದೆ, ಕೊನೆಯದಾಗಿ ಕೊಟ್ಟ ಬೆಲೆ ಹಾಗೇ ಉಳಿದಿರುತ್ತದೆ. ಸಿ ಹಾಗಲ್ಲ. ಮೂರನ್ನು ಪ್ರಿಂಟ್ ಮಾಡಿದ ಮೇಲೆ `j++` ಆಗಿ ನಾಲ್ಕಾಗುತ್ತದೆ, ನಾಲ್ಕು ಹೋಗಿ ಕಂಡಿಷನ್‌ನ ಬಾಗಿಲು ಬಡಿಯುತ್ತದೆ, ಒಳಗೆ ಬಿಡೋದಿಲ್ಲ, ಆಗ ಲೂಪ್ ಮುಗಿಯುತ್ತದೆ. `j` ಮಾತ್ರ ನಾಲ್ಕಾಗಿಯೇ ಉಳಿಯುತ್ತದೆ. ಅವಳ ಟೇಬಲ್‌ನಲ್ಲಿ ಇಲ್ಲದಿದ್ದದ್ದು ಆ ನಾಲ್ಕನೇ ಸಾಲು:

```
i   j   j<=i   ಪ್ರಿಂಟ್
3   1   ಹೌದು   1
3   2   ಹೌದು   2
3   3   ಹೌದು   3
3   4   ಇಲ್ಲ    -
```

ಹಿಂದೆ ಕೂತಿದ್ದ ಹುಡುಗ ಒಬ್ಬ, “ಕೇಳಾಕ ಹೋಗಿ ಬರಿಗೈಲೆ ಬಂದಂಗ ಅಲ್ರಿ ಸರ? ಕೊಡ್ಲಿಲ್ಲ ಖರೆ, ಹೋಗಿದ್ದಂತೂ ಹೋಗಿದ್ದ” ಅಂದ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅವತ್ತಿನಿಂದ ನನ್ನ ಕ್ಲಾಸಿನಲ್ಲಿ ಆ ಸಾಲಿಗೆ ಬರಿಗೈ ಸಾಲು ಅಂತಲೇ ಹೆಸರು. ಬರಿಗೈ ಸಾಲು ಇಲ್ಲದ ಟೇಬಲ್ ತಂದರೆ ನೋಡೋದೇ ಇಲ್ಲ, ವಾಪಸ್ ಕೊಡುತ್ತೇನೆ.

ಅವಳ ಪ್ರೋಗ್ರಾಂ `j = j - 2` ಅಂತ ಮಾಡಿದರೂ ಸರಿಯಾಗುತ್ತದೆ. ಆದರೆ ನಾನು `j = i - 1` ಬರೆಸುತ್ತೇನೆ, ಹಿಂದಿನ ಲೂಪ್ ಬಿಟ್ಟುಹೋದ ಬೆಲೆಯ ಮೇಲೆ ಮುಂದಿನ ಲೂಪ್ ನಿಲ್ಲಬಾರದು. ಹೊಸ ಕಂಪೈಲರ್‌ನಲ್ಲಿ `for (int j = 1; ...)` ಅಂತ ಬರೆದವರಿಗೆ ಈ ಗೊಂದಲ ಬರೋದೇ ಇಲ್ಲ, ಯಾಕೆಂದರೆ ಆ `j` ಲೂಪಿನ ಜೊತೆಗೇ ಹೋಗುತ್ತದೆ. ಟರ್ಬೋ ಸಿ ಒಳಗೆ `.c` ಫೈಲಿಗೆ ಹಾಗೆ ಬರೆದರೆ ಎರರ್ ಕೊಡುತ್ತದೆ, ನಮ್ಮ ಹುಡುಗರ ಲ್ಯಾಬ್‌ನಲ್ಲಿ ಇರೋದು ಅದೇ.

ಬರಿಗೈ ಸಾಲಿನಿಂದ ಇನ್ನೊಂದು ಉಪಕಾರ ಆಯಿತು. ತಿದ್ದಿದ ಪ್ರೋಗ್ರಾಂನಲ್ಲಿ ಪಿರಮಿಡ್ಡಿನ ಮೊದಲ ಸಾಲಿಗೆ `i` ಒಂದು, ಮೂರನೇ ಲೂಪಿನ `j` ಸೊನ್ನೆಯಿಂದ ಶುರು. `0 >= 1` ಇಲ್ಲ. ಆ ಲೂಪಿಗೆ ಬರೀ ಬರಿಗೈ ಸಾಲು ಒಂದೇ. ಕೊನೆಯ ಸಾಲಿಗೆ ಬಂದರೆ ಸ್ಪೇಸ್ ಲೂಪಿನಲ್ಲಿ `n - i` ಸೊನ್ನೆ, ಅಲ್ಲೂ ಹಾಗೇ. ಒಂದು ಸಲವೂ ಓಡದೆ ಮುಗಿಯುವ ಲೂಪ್ ಅಂದರೆ ಏನು ಅಂತ ಎಷ್ಟು ಬಾಯಿಮಾತಲ್ಲಿ ಹೇಳಿದರೂ ತಲೆಗೆ ಹೋಗಿರಲಿಲ್ಲ, ಟೇಬಲ್‌ನಲ್ಲಿ ಒಂಟಿ ‘ಇಲ್ಲ’ ಬರೆದ ಮೇಲೆ ಹೋಯಿತು. ಅದಕ್ಕೇ ಎಲ್ಲ ಸಾಲೂ ಟ್ರೇಸ್ ಮಾಡಿಸೋದಿಲ್ಲ. ಮೊದಲನೆಯದು, ನಡುವಿನದು ಒಂದು, ಕೊನೆಯದು. ತಪ್ಪಿದ್ದರೆ ಬಹುತೇಕ ಈ ಮೂರರಲ್ಲಿ ಒಂದರಲ್ಲಿ ಸಿಕ್ಕೇ ಸಿಗುತ್ತದೆ.

ಸ್ಪೇಸ್ ಕಣ್ಣಿಗೆ ಕಾಣದ್ದರಿಂದ ಅದನ್ನು ಚುಕ್ಕೆಯಾಗಿ ಬರೆಯಲು ಹೇಳುತ್ತೇನೆ. ಚೌಕಳಿ ನೋಟ್‌ಬುಕ್ಕಿನಲ್ಲಿ ಒಂದು ಮನೆಗೆ ಒಂದು ಅಕ್ಷರ. ಪ್ರೋಗ್ರಾಂನಲ್ಲೂ `" "` ಇದ್ದಲ್ಲಿ `"."` ಹಾಕಿ ರನ್ ಮಾಡಿ, ನೋಟ್‌ಬುಕ್ ಪಕ್ಕ ಇಟ್ಟು ಹೋಲಿಸಿದರೆ ಎಲ್ಲಿ ದಾರಿ ತಪ್ಪಿದೆ ಅಂತ ತಾನೇ ಕಾಣುತ್ತದೆ. ಒಂದು ನೋಟ್‌ಬುಕ್ಕಿಗೆ ಮೂವತ್ತು ರೂಪಾಯಿ, ಅಷ್ಟೇ ಖರ್ಚು.

ಇದು ಹಿಡಿದುಕೊಟ್ಟ ಇನ್ನೊಂದು ತಪ್ಪು ಹೇಳಲೇಬೇಕು. ಒಬ್ಬನ ಸ್ಟಾರ್ ಪಿರಮಿಡ್ ಆಕಾರಕ್ಕೆ ಬರುತ್ತಲೇ ಇರಲಿಲ್ಲ, ಎಡ ಅಂಚು ಗೋಡೆಯಂತೆ ನೆಟ್ಟಗೆ ಬರುತ್ತಿತ್ತು. ಚುಕ್ಕೆ ಹಾಕಿಸಿದರೆ ಪ್ರತಿ ಸಾಲಿಗೂ ಸರಿಯಾಗಿ ಒಂದೇ ಚುಕ್ಕೆ. ನೋಟ್‌ಬುಕ್ಕಿನಲ್ಲಿ ಮೊದಲ ಸಾಲಿಗೆ ಮೂರು ಚುಕ್ಕೆ ಇದ್ದವು. ಎಲ್ಲ ಸಾಲಿಗೂ ಒಂದೇ ಅಂದರೆ `printf` ಲೂಪಿನ ಒಳಗೇ ಇಲ್ಲ ಅಂತ ಅರ್ಥ. `for (j = 1; j <= n - i; j++);` ಅಂತ ಕೊನೆಗೆ ಸೆಮಿಕೋಲನ್ ಬಿದ್ದಿತ್ತು. ಲೂಪ್ ಖಾಲಿ ತಿರುಗಿ ಮುಗಿದ ಮೇಲೆ `printf` ಒಂದು ಸಲ ಓಡುತ್ತಿತ್ತು. ಈ ಲಕ್ಷಣ ನೆನಪಿಡಿ, ಎಡ ಅಂಚು ನೆಟ್ಟಗಿದ್ದು ಒಂದೇ ಸ್ಪೇಸ್ ಇದ್ದರೆ ನಾನು ಮೊದಲು ನೋಡೋದು ಸೆಮಿಕೋಲನ್.

ನಡುವೆ ಒಂದು ಭಾನುವಾರ ಪೂರ್ತಿ `n` ದೊಡ್ಡದು ಮಾಡುತ್ತಾ ಕೂತೆವು. ಒಂಬತ್ತರವರೆಗೆ ಚೆಂದ. ಹತ್ತಕ್ಕೆ ಎರಡಂಕಿ ಬಂದು ಕೊನೆಯ ಸಾಲಿನ ಬಲಭಾಗ ಒಂದು ಮನೆ ಆಚೆ ಸರಿಯಿತು. `%2d` ಮಾಡಿ ಸ್ಪೇಸ್ ಎರಡೆರಡು ಮಾಡಿದರೆ ಆಕಾರ ಸರಿಯಾಯಿತು, ಆದರೆ 10 ಮತ್ತು 11 ಅಂಟಿಕೊಂಡು 1011 ಅಂತ ಕಾಣತೊಡಗಿತು. `%3d`, ಮೂರು ಸ್ಪೇಸ್ ಮಾಡಿದ ಮೇಲೆ ಓದಲು ಬಂತು. ಅದೂ ಹದಿಮೂರಕ್ಕೇ ಮುಗಿಯಿತು. ಹದಿಮೂರನೇ ಸಾಲಿಗೆ ಇಪ್ಪತ್ತೈದು ಅಂಕಿ, ಮೂರರಂತೆ 75 ಕಾಲಂ. ಹದಿನಾಲ್ಕಕ್ಕೆ 81, ಸ್ಕ್ರೀನ್ ಇರೋದು 80. ಕೊನೆಯ ಅಕ್ಷರ ಕೆಳಗಿನ ಸಾಲಿಗೆ ಜಾರಿತು. ಲೂಪಿನಲ್ಲಿ ತಪ್ಪಿದೆ ಅಂತ ಅರ್ಧ ಗಂಟೆ ಟ್ರೇಸ್ ಮಾಡಿದ ಮೇಲೆ ಹುಡುಗರೇ ಇದನ್ನು ಕಂಡುಹಿಡಿದರು.

ಇನ್ನು, ಟ್ರೇಸ್ ಮಾಡದೆಯೇ ಔಟ್‌ಪುಟ್ ಸರಿಯಿದೆಯೋ ಇಲ್ಲವೋ ಅಂತ ಒಂದು ಕೂಡಿಸುವ ಲೆಕ್ಕದಲ್ಲಿ ಹೇಳಬಹುದು. ಸ್ಟಾರ್ ಪಿರಮಿಡ್ ನಾಲ್ಕು ಸಾಲಿನದಾದರೆ ಒಟ್ಟು ಹದಿನಾರು ಸ್ಟಾರ್, ಐದಾದರೆ ಇಪ್ಪತ್ತೈದು. ನಂಬರ್ ಪಿರಮಿಡ್ಡಿಗೂ ಇಂಥದ್ದೊಂದು ಇದೆ. ಅದನ್ನು ಮತ್ತು ಪ್ರೋಗ್ರಾಂನಲ್ಲಿ ತಪ್ಪುಗಳನ್ನು ಯಾವ ಕ್ರಮದಲ್ಲಿ ಬಚ್ಚಿಟ್ಟು ಹುಡುಗರಿಗೆ ಕೊಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಅದು ನನ್ನ ಕ್ಲಾಸಿನ ಬಂಡವಾಳ.

ಆವತ್ತು ಬಾಗಿಲಿಗೆ ಬಂದಿದ್ದ ತಂದೆ ಈ ಸಲ ತಮ್ಮನ ಮಗಳನ್ನೂ ಸೇರಿಸಿದ್ದಾರೆ. ಈ ಬ್ಯಾಚಿಗೆ ಈಗ ಪೊಳ್ಳು ಪಿರಮಿಡ್ ಹಿಡಿದಿದ್ದೇನೆ, ಅಂಚಿಗೆ ಮಾತ್ರ ಸ್ಟಾರ್, ಒಳಗೆ ಖಾಲಿ. ಅದಕ್ಕೆ `if (j == 1 || j == 2*i - 1 || i == n)` ಬೇಕು. ಟೇಬಲ್‌ಗೆ ಮೂರು ಕಾಲಂ ಹೆಚ್ಚಾಗಿ ಪುಟ ಸಾಲುತ್ತಿಲ್ಲ, ನೋಟ್‌ಬುಕ್ ಅಡ್ಡ ಹಿಡಿದು ಬರೆಯುತ್ತಿದ್ದಾರೆ.