ಅಪ್ಪನಿಗೆ ಬರೆದದ್ದು: ಭೀಮ್ ಆ್ಯಪ್ ಹಾಕಿ ದುಡ್ಡು ಕಳಿಸುದು ಹೇಗೆ

ಅಪ್ಪಾ,

ತೋಟಕ್ಕೆ ಮದ್ದು ಬಿಡ್ಲಿಕ್ಕೆ ಬರುವವ ಈಗ ನಗದು ಬೇಡ ಮೊಬೈಲಿಗೇ ಹಾಕಿ ಅಂತಾನೆ ಅಂದ್ರಲ್ಲ, ಫೋನಲ್ಲಿ ಹೇಳಿದ್ರೆ ಅರ್ಧ ಕೇಳುದಿಲ್ಲ ಅಂತ ಬರೀತಾ ಇದ್ದೇನೆ. ನಾನು ಇಲ್ಲಿ ಲೀಡ್ಸಿನಲ್ಲಿ ಕೂತು ವಿದೇಶದಲ್ಲಿ ಇರುವವರಿಗೆ ಅಂತ ಊರಿನ ಬ್ಯಾಂಕಲ್ಲಿ ಕೊಡುವ ನನ್ನ ಎನ್‌ಆರ್‌ಒ ಅಕೌಂಟಿಗೆ ಇದನ್ನೇ ಮಾಡಿದೆ, ಇಂಗ್ಲೆಂಡಿನ ನಂಬರಿಗೂ ಈಗ ಯುಪಿಐ ಸಿಗ್ತದೆ, ಆ ನಂಬರ್ ಬ್ಯಾಂಕಲ್ಲಿ ಇರ್ಬೇಕು ಅಷ್ಟೆ. ಹಾಗಾಗಿ ಯಾವ ಪೇಜಲ್ಲಿ ಏನು ಕೇಳ್ತದೆ ಅಂತ ನೆನಪುಂಟು.

ಪ್ಲೇ ಸ್ಟೋರಿಗೆ ಹೋಗಿ BHIM ಅಂತ ಹುಡುಕಿ ಇನ್‌ಸ್ಟಾಲ್ ಒತ್ತಿ. ಯಾರಾದ್ರೂ ವಾಟ್ಸಾಪಲ್ಲಿ ಲಿಂಕ್ ಕಳಿಸಿದ್ರೆ ಅದರಿಂದ ಹಾಕ್ಲಿಕ್ಕೆ ಹೋಗ್ಬೇಡಿ, ನಾನು ಕಳಿಸಿದ ಹಾಗೆ ಕಂಡ್ರೂ ಬೇಡ. ಭಾಷೆ ಕೇಳುವಾಗ ಕನ್ನಡ ಆರಿಸ್ಬಹುದು. ಆಮೇಲೆ ಎಸ್ಸೆಮ್ಮೆಸ್, ಫೋನ್ ಅಂತ ಪರ್ಮಿಷನ್ ಕೇಳ್ತದೆ, ಕೊಡಿ.

ಇನ್ನು ಬರುದೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ. ಯಾವ ಸಿಮ್ ಅಂತ ಕೇಳ್ತದೆ. ನಿಮ್ಮದರಲ್ಲಿ ಎರಡು ಸಿಮ್ ಉಂಟಲ್ಲ, ಅಡಿಕೆ ದುಡ್ಡು ಜಮೆ ಆದಾಗ ಬ್ಯಾಂಕಿನ ಮೆಸೇಜು ಯಾವುದಕ್ಕೆ ಬರ್ತದೋ ಅದನ್ನೇ ಆರಿಸ್ಬೇಕು. ಒತ್ತಿದ ಕೂಡ್ಲೇ ನಿಮ್ಮ ಫೋನಿಂದ ಆ್ಯಪೇ ಒಂದು ಮೆಸೇಜು ಕಳಿಸ್ತದೆ, ಅರ್ಥ ಆಗದ ಅಕ್ಷರಗಳ ಸಾಲು, ಹೆದರ್ಬೇಡಿ. ಅದು ಯಾವ ನಂಬರಿಂದ ಬಂತು ಅಂತ ನೋಡಿ ಈ ಫೋನು ಈ ನಂಬರಿನವರದ್ದೇ ಅಂತ ಅವರು ಖಾತ್ರಿ ಮಾಡ್ಕೊಳ್ಳುದು. ಅದಕ್ಕೇ ನಾನು ಇಲ್ಲಿಂದ ನಿಮ್ಮ ಪರವಾಗಿ ಮಾಡ್ಲಿಕ್ಕೆ ಆಗುದಿಲ್ಲ.

ಈ ಮೆಸೇಜು ವೈಫೈಯಲ್ಲಿ ಹೋಗುದಲ್ಲ, ಸಿಮ್ಮಿನ ರೇಂಜಲ್ಲಿ ಹೋಗುದು. ನಮ್ಮ ಮನೆ ಒಳಗೆ ವೈಫೈ ಇದ್ರೂ ಟವರ್ ಒಂದು ಕಡ್ಡಿಯೂ ಇಲ್ಲ, ಜಗಲಿಯಲ್ಲಿ ಕೂತು ಮಾಡಿದ್ರೆ ತಿರುಗ್ತಾ ತಿರುಗ್ತಾ ಕಡೆಗೆ ವೆರಿಫಿಕೇಶನ್ ಫೇಲ್ಡ್ ಅಂತ ಬರ್ತದೆ, ನೆಟ್ ಇದೆಯಲ್ಲ ಮತ್ತೆ ಯಾಕೆ ಅಂತ ತಲೆ ಕೆಡ್ತದೆ. ಗುಡ್ಡೆ ಮೇಲೆ ಮಾರ್ಗದ ಹತ್ರ ಹೋಗಿ ಮಾಡಿ. ಸಿಮ್ಮಲ್ಲಿ ರೀಚಾರ್ಜ್ ಮುಗಿದಿದ್ರೂ ಇದೇ ಗತಿ. ನನಗೆ ಇಲ್ಲಿಂದ ಅದು ಇಂಟರ್‌ನ್ಯಾಷನಲ್ ಮೆಸೇಜು ಆದ ಕಾರಣ ಬೇರೆಯೇ ಚಾರ್ಜ್ ಬಿತ್ತು, ನಿಮಗೆ ಅದಿಲ್ಲ. ಮುಂದೆ ಎಂದಾದ್ರೂ ಫೋನ್ ಅಥವಾ ಸಿಮ್ ಬದಲಾಯಿಸಿದ್ರೆ ಇದನ್ನು ಪುನಃ ಮಾಡ್ಬೇಕಾಗ್ತದೆ.

ಆಮೇಲೆ ನಾಲ್ಕು ಅಂಕಿಯ ಪಾಸ್‌ಕೋಡ್ ಇಡ್ಲಿಕ್ಕೆ ಹೇಳ್ತದೆ, ಅದು ಆ್ಯಪ್ ತೆರೀಲಿಕ್ಕೆ ಮಾತ್ರ. ದುಡ್ಡು ಕಳಿಸುವ ಯುಪಿಐ ಪಿನ್ ಬೇರೆ, ಎರಡಕ್ಕೂ ಒಂದೇ ನಂಬರ್ ಇಡ್ಬೇಡಿ. ಬ್ಯಾಂಕಿನ ಹೆಸರು ಆರಿಸಿದ್ರೆ ಅಕೌಂಟ್ ತಾನೇ ಬರ್ತದೆ, ಆಗ ಕಪಾಟಿನಲ್ಲಿಟ್ಟ ಎಟಿಎಂ ಕಾರ್ಡ್ ತೆಗೀರಿ, ಅದರ ಕಡೇ ಆರು ಅಂಕಿ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಹಾಕಿದ್ರೆ ಒಟಿಪಿ ಬರ್ತದೆ, ನಂತರ ಪಿನ್ ಇಡುದು. ಕಾರ್ಡಿನ ಅವಧಿ ಮುಗಿದಿದ್ರೆ ಆಧಾರ್ ಒಟಿಪಿ ಅಂತ ಇನ್ನೊಂದು ದಾರಿ ಉಂಟು, ಆದ್ರೆ ಆಧಾರಿಗೂ ಬ್ಯಾಂಕಿಗೂ ಒಂದೇ ನಂಬರ್ ಇರ್ಬೇಕು.

ಈಗ ಮದ್ದು ಬಿಟ್ಟವನಿಗೆ 3,200 ಕೊಡ್ಲಿಕ್ಕುಂಟು ಅಂತ ಇಟ್ಕೊಳ್ಳಿ. ಅವನ ಹತ್ರ ಬೇರೆ ಆ್ಯಪ್ ಇದ್ರೂ ತೊಂದರೆ ಇಲ್ಲ, ಯುಪಿಐ ಇದ್ರೆ ಹೋಗ್ತದೆ. ನಂಬರ್ ಹಾಕಿದ ಮೇಲೆ ಹೆಸರು ಕಾಣ್ತದೆ, ಅದನ್ನು ಓದಿ, ನಾವು ಕರೆಯುವ ಹೆಸರು ಅಲ್ಲ, ಅವನ ಪಾಸ್‌ಬುಕ್ಕಿನ ಹೆಸರು ಇರ್ತದೆ. ಮೊದಲು ಒಂದು ರೂಪಾಯಿ ಹಾಕಿ ಬಂತಾ ಅಂತ ಕೇಳಿ, ಮತ್ತೆ 3,199 ಹಾಕಿ. ಹೊಸದಾಗಿ ಹಾಕಿದ ಮೇಲೆ ಮೊದಲ 24 ಗಂಟೆ ಒಟ್ಟು 5,000ಕ್ಕಿಂತ ಜಾಸ್ತಿ ಹೋಗ್ಲಿಕ್ಕಿಲ್ಲ, ಆ ದಿನ ಗೊಬ್ಬರದ ಅಂಗಡಿ ಲೆಕ್ಕ ಎಲ್ಲ ಮುಗಿಸ್ಲಿಕ್ಕೆ ಹೊರಡ್ಬೇಡಿ.

ಕೆಲವು ಸಲ ಪೆಂಡಿಂಗ್ ಅಂತ ನಿಲ್ತದೆ, ನಿಮ್ಮ ಅಕೌಂಟಿಂದ ಹೋಗಿರ್ತದೆ ಅವನಿಗೆ ಬಂದಿರುದಿಲ್ಲ. ಆಗ ಪುನಃ ಕಳಿಸ್ಬೇಡಿ, ಎರಡೂ ಹೋದ್ರೆ ಮತ್ತೆ ಅವನ ಹತ್ರ ಕೇಳುವ ಪಾಡು. ಕಾಯಿರಿ, ಒಂದೋ ಅವನಿಗೆ ಸೇರ್ತದೆ ಇಲ್ಲಾ ವಾಪಸ್ ಬರ್ತದೆ. ಬರದಿದ್ರೆ ಹಿಸ್ಟರಿಯಲ್ಲಿ 12 ಅಂಕಿಯ ನಂಬರ್ ಇರ್ತದೆ, ಅದನ್ನು ಬರ್ಕೊಂಡು ಬ್ಯಾಂಕಲ್ಲಿ ಕೊಡಿ.

ನಿಮಗೆ ದುಡ್ಡು ಬರ್ಲಿಕ್ಕೆ ಪಿನ್ ಹಾಕ್ಲಿಕ್ಕೇ ಇಲ್ಲ. ಯಾರಾದ್ರೂ ಫೋನ್ ಮಾಡಿ ನಿಮಗೆ ದುಡ್ಡು ಬರ್ಲಿಕ್ಕುಂಟು ಪಿನ್ ಒತ್ತಿ ಅಂದ್ರೆ ಹೋಗುದು ನಿಮ್ಮದೇ, ಫೋನ್ ಇಟ್ಬಿಡಿ.

ಮತ್ತೆ ನನ್ನ ಫೀಸ್ ಇದರಲ್ಲಿ ಹಾಕ್ತೇನೆ ಅಂದಿದ್ರಿ. ಇಲ್ಲಿನ ಬ್ಯಾಂಕ್ ಅಕೌಂಟಿಗೆ ಯುಪಿಐಯಲ್ಲಿ ಬರುದಿಲ್ಲ, ಅದಕ್ಕೆ ನೀವು ಪಾನ್ ಕಾರ್ಡ್ ಹಿಡ್ಕೊಂಡು ಬ್ಯಾಂಕಿಗೇ ಹೋಗಿ ಫಾರ್ಮ್ ತುಂಬಿಸ್ಬೇಕು. ಯೂನಿವರ್ಸಿಟಿಯ ಪೇಪರ್ ನಾನು ಮೇಲ್ ಮಾಡ್ತೇನೆ, ಪ್ರಿಂಟ್ ತೆಗೆಸಿಟ್ಕೊಳ್ಳಿ.