ಮಗುವಿನ ಮೂಗಿನಿಂದ ರಕ್ತ ಬಂದರೆ: ತಲೆ ಮುಂದಕ್ಕೆ, ಗಡಿಯಾರ ಎದುರಿಗೆ

ರಕ್ತ ಕಂಡೊಡನೆ ಮಗುವನ್ನು ಮಲಗಿಸಿ ತಲೆ ಹಿಂದಕ್ಕೆ ಬಾಗಿಸುವುದು ಹಲವರ ಅಭ್ಯಾಸ. ಹಾಗೆ ಮಾಡಿದರೆ ರಕ್ತ ನಿಲ್ಲುವುದಿಲ್ಲ, ಗಂಟಲಿಗೆ ಇಳಿಯುತ್ತದೆ. ನುಂಗಿದ ರಕ್ತ ಹೊಟ್ಟೆ ಕೆಡಿಸಿ ವಾಂತಿ ತರಿಸುತ್ತದೆ, ಉಸಿರುಗಟ್ಟುವ ಅಪಾಯವೂ ಇದೆ.

ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ತಲೆ ತುಸು ಮುಂದಕ್ಕೆ ಬಾಗಿರಲಿ, ಗದ್ದದ ಕೆಳಗೆ ಒಂದು ಬಟ್ಟಲು ಹಿಡಿಯಿರಿ. ಬಾಯಲ್ಲಿ ಉಸಿರಾಡಲಿ, ಬಾಯಿಗೆ ಬಂದ ರಕ್ತವನ್ನು ಉಗುಳಲಿ.

ಇನ್ನು ಹಿಡಿಯುವ ಜಾಗ. ಮಕ್ಕಳಲ್ಲಿ ರಕ್ತ ಬಹುತೇಕ ಬರುವುದು ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಿಂದ. ಅಲ್ಲಿ ತೆಳು ಪೊರೆಯಡಿ ಸಣ್ಣ ರಕ್ತನಾಳಗಳು ಹೆಣೆದುಕೊಂಡಿರುತ್ತವೆ. ಮೇಲಿನ ಗಟ್ಟಿ ಮೂಳೆಯನ್ನು ಒತ್ತಿದರೆ ಒತ್ತಡ ಅಲ್ಲಿಗೆ ತಲುಪುವುದೇ ಇಲ್ಲ. ಮೂಳೆ ಮುಗಿದು ಮೂಗು ಮೆತ್ತಗಾಗುವ ಕಡೆ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡೂ ಹೊಳ್ಳೆಗಳನ್ನು ಒಟ್ಟಿಗೆ ಹಿಡಿಯಿರಿ. ರಕ್ತ ಒಂದೇ ಕಡೆಯಿಂದ ಬರುತ್ತಿದ್ದರೂ ಹಾಗೆಯೇ.

ಹತ್ತು ನಿಮಿಷ ಬಿಡಬಾರದು. ಎಡವುವುದೇ ಇಲ್ಲಿ. 7.10ಕ್ಕೆ ಹಿಡಿದವರು 7.13ಕ್ಕೆ 'ನಿಂತಿತೇ?' ಎಂದು ಬೆರಳು ತೆಗೆಯುತ್ತಾರೆ. ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬರುತ್ತದೆ. ಮತ್ತೆ ಹಿಡಿದರೆ ಲೆಕ್ಕ 7.13ರಿಂದ ಶುರು, ಅಂದರೆ ಬಿಡುವುದು 7.23ಕ್ಕೆ. ಅಂದಾಜು ನಂಬಬೇಡಿ, ಗಡಿಯಾರ ನೋಡಿ. ಅಳುವ ಮಗುವಿನೊಂದಿಗೆ ಮೂರು ನಿಮಿಷವೂ ಹತ್ತರಂತೆ ಅನಿಸುತ್ತದೆ. ಒಂದು ಕಥೆ ಹೇಳಿದರೆ ಸಮಯ ಸರಿಯುತ್ತದೆ. ಹೊಳ್ಳೆಗೆ ಹತ್ತಿ ತುರುಕಬೇಡಿ, ತೆಗೆಯುವಾಗ ಹೆಪ್ಪೂ ಅದರೊಂದಿಗೆ ಬರುತ್ತದೆ.

ನಿಲ್ಲದಿದ್ದರೆ ಇನ್ನೊಂದು ಹತ್ತು ನಿಮಿಷ. ಆಮೇಲೂ ಹರಿಯುತ್ತಿದ್ದರೆ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. ರಕ್ತ ಧಾರಾಕಾರವಾಗಿ ಸುರಿಯುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ಮಗು ಬಿಳಿಚಿಕೊಂಡು ಸುಸ್ತಾದರೆ ಕಾಯಲೇಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಮೂಗಿನಿಂದ ರಕ್ತ ಬರುವುದು ಅಪರೂಪ. ನಿಂತರೂ ವೈದ್ಯರಿಗೆ ತೋರಿಸಿ.

ನಿಂತ ಮೇಲೆ ಒಂದು ದಿನ ಮೂಗು ಸೀಟುವುದು, ಕೀಳುವುದು, ಜಿಗಿದಾಟ ಬೇಡ. ಸಣ್ಣ ಮಕ್ಕಳಲ್ಲಿ ಮೂಲ ಕಾರಣ ಹೆಚ್ಚಾಗಿ ಬೆರಳೇ, ಜೊತೆಗೆ ಒಣಹವೆ ಮತ್ತು ನೆಗಡಿ. ಆದ್ದರಿಂದ ಉಗುರು ಗಿಡ್ಡಗಿರಲಿ.

ವಾರಕ್ಕೊಮ್ಮೆಗಿಂತ ಹೆಚ್ಚು ಬಾರಿ ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು. ಜೊತೆಗೆ ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಮೂಡಿದರೆ, ವಸಡಿನಲ್ಲಿ ರಕ್ತ ಬಂದರೆ, ಮನೆತನದಲ್ಲಿ ರಕ್ತ ಬೇಗ ನಿಲ್ಲದ ಕಾಯಿಲೆ ಇದ್ದರೆ ಮುಂದೂಡಬೇಡಿ, ರಕ್ತಪರೀಕ್ಷೆ ಬೇಕಾಗಬಹುದು. ಸದಾ ಒಂದೇ ಹೊಳ್ಳೆಯಿಂದ, ದುರ್ವಾಸನೆಯ ಸಿಂಬಳದೊಂದಿಗೆ ರಕ್ತ ಬರುತ್ತಿದ್ದರೆ ಒಳಗೆ ಮಣಿಯೋ ಕಾಳೋ ಸಿಕ್ಕಿಕೊಂಡಿರಬಹುದು. ಅದು ಗುಂಡಿ ಬ್ಯಾಟರಿಯಿರಬಹುದೆಂಬ ಸಂಶಯವಿದ್ದರೆ ಬೆಳಗಾಗಲೆಂದು ಕಾಯಬೇಡಿ: ಕೆಲವೇ ಗಂಟೆಗಳಲ್ಲಿ ಅದು ಮೂಗಿನ ಒಳಗೋಡೆಯನ್ನು ಸುಡುತ್ತದೆ.